ಅಷ್ಟೇ ಅನ್ನುವ ತನಕ

ಕರ್ನಾಟಕದ ರೈತನೊಬ್ಬನ ಹೊಲದಲ್ಲಿ ಮೋಟಾರು ನಿಂತುಹೋಗುತ್ತದೆ. ಅವನು ಕಂಪನಿಗೆ ಫೋನು ಮಾಡುತ್ತಾನೆ. ಅವನು ಬೈಯುವುದನ್ನು ಕೇಳಿಸಿಕೊಂಡು, ಸಮಾಧಾನ ಹೇಳಿ, ಎಲ್ಲಿ ಕೆಟ್ಟಿದೆ ಎಂದು ವಿಚಾರಿಸಿ, ಮೆಕ್ಯಾನಿಕ್ಕನ್ನು ಕಳಿಸುವವರು ಒಬ್ಬರು ಬೇಕು. ಎಲ್ಲವನ್ನೂ ಕನ್ನಡದಲ್ಲಿ ಮಾಡಬೇಕು. ಕೊಯಮತ್ತೂರಿನ ಪಂಪ್‌ಸೆಟ್ ಕಂಪನಿಯೊಂದು ಈ ಕೆಲಸಕ್ಕೆ ಆಳು ಹುಡುಕಿಕೊಂಡು ಸತ್ಯಮಂಗಲಕ್ಕೆ ಬಂತು. ಬಂದು ಪರೀಕ್ಷೆ ಮಾಡಿದ್ದು ಯಾವುದನ್ನು? ಇಂಗ್ಲಿಷನ್ನು.

ಈ ಮಾತು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಆದರೆ ಇದು ನನ್ನ ಉರಿಯ ಕತೆಯಲ್ಲ, ಪೂಜಳ ಕತೆ.

ಪೂಜ ತಮಿಳುನಾಡಿನ ಗಡಿಯೊಳಗಿನ ಹಾಸನೂರಿನಿಂದ ಒಳಗೆ, ಕಾಡಿನ ಅಂಚಿಗೆ ಇರುವ ಒಂದು ಸೋಲಿಗರ ದೊಡ್ಡಿಯ ಹುಡುಗಿ. ಅಪ್ಪ ಇಲ್ಲ. ಅವ್ವ ಚಿಕ್ಕಲಕ್ಷ್ಮಮ್ಮ ತಾಳವಾಡಿ ಕಡೆಯ ಹೊಲಗಳಲ್ಲಿ ಚೆಂಡುಹೂ ಕೀಳಲು, ಕೋಸು ಕಡಿಯಲು ಕೂಲಿಗೆ ಹೋಗುತ್ತಾಳೆ. ಹುಡುಗಿ ತಾಳವಾಡಿಯ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲಿ ಓದಿದಳು. ಸತ್ಯಮಂಗಲದಲ್ಲಿ ಬಿ.ಕಾಂ. ಮಾಡುವಾಗ ಪಾಠ ಅರ್ಧ ತಮಿಳು, ಅರ್ಧ ಇಂಗ್ಲಿಷು. ಮನೆಯಲ್ಲಿ ಆಡುವುದು ಸೋಲಿಗರ ಮಾತು. ಇಷ್ಟನ್ನೂ ನುಂಗಿ ಅರಗಿಸಿಕೊಂಡವಳನ್ನು ‘ಭಾಷೆ ಸಾಲದು’ ಎಂದು ವಾಪಸು ಕಳಿಸಿದವರಿಗೆ ಎಷ್ಟು ಭಾಷೆ ಬರುತ್ತಿತ್ತು ಎಂಬುದನ್ನು ಮುಂದೆ ಹೇಳುತ್ತೇನೆ.

ಅವಳಿಗೆ ಈ ಕೆಲಸ ಬೇಕೇ ಬೇಕಾಗಿತ್ತು. ಕಾಲೇಜು ಮುಗಿದ ಮೇಲೆ ಅವಳೂ ಅವ್ವನ ಜೊತೆ ಹೂ ಕೀಳಲು ಹೋಗತೊಡಗಿದ್ದಳು. ಡಿಗ್ರಿ ಮಾಡಿದ ಕೈ, ಮಾಡದ ಕೈ ಎಂಬ ವ್ಯತ್ಯಾಸ ಹೊಲಕ್ಕೆ ಗೊತ್ತಾಗುವುದಿಲ್ಲ. ಆದರೆ ದೊಡ್ಡಿಯಲ್ಲಿ ಅವಳ ಹಿಂದೆ ಓದುತ್ತಿದ್ದ ಹುಡುಗಿಯರಿಗೆ ಗೊತ್ತಾಗುತ್ತಿತ್ತು. ‘ಪೂಜಕ್ಕ ಓದಿ ಏನಾದ್ಲು, ಅವ್ವನ ಮಂಕರಿನೇ ಹೊತ್ಲು’ ಎಂದು ಅವರ ಅಪ್ಪಂದಿರು ಆಗಲೇ ಅನ್ನತೊಡಗಿದ್ದರು. ಅವಳು ಸೋತರೆ ಇನ್ನೂ ಮೂರು ನಾಲ್ಕು ಹುಡುಗಿಯರ ಪುಸ್ತಕ ಮುಚ್ಚುತ್ತದೆ. ಇದು ಅವಳಿಗೆ ಗೊತ್ತಿತ್ತು.

ಈಗ ಅವರ ದೊಡ್ಡಿಯ ಒಂದು ರೂಢಿ ಹೇಳಬೇಕು. ಅಲ್ಲಿ ಏನೇ ನ್ಯಾಯ ಬಂದರೂ, ಏನೇ ತೀರ್ಮಾನವಾಗಬೇಕಿದ್ದರೂ ದೇವರ ಮರದ ಕೆಳಗೆ ಕೂಟ ಸೇರುತ್ತದೆ. ಯಜಮಾನ ಬೊಮ್ಮಜ್ಜ ನಡುವೆ ಕೂರುತ್ತಾನೆ. ಒಬ್ಬರು ಮಾತಿಗೆ ನಿಂತರೆ ಅವರು ‘ಅಷ್ಟೇ’ ಅನ್ನುವ ತನಕ ಇನ್ನೊಬ್ಬರು ಬಾಯಿ ತೆರೆಯುವಂತಿಲ್ಲ. ಮಾತಾಡುವವರು ನಡುವೆ ನಿಲ್ಲಿಸಿ ಎಲೆ ಅಡಿಕೆ ಹಾಕಿಕೊಳ್ಳಬಹುದು, ಆಕಾಶ ನೋಡಬಹುದು, ಅಳಬಹುದು. ಉಳಿದವರು ಕಾಯಬೇಕು. ‘ಅಷ್ಟೇ’ ಬಿದ್ದ ಮೇಲೆಯೇ ಮುಂದಿನವರ ಸರದಿ. ಕೊನೆಗೆ ಸುಮ್ಮನೆ ಕೂತಿರುವವರನ್ನು ಬೊಮ್ಮಜ್ಜ ಒಬ್ಬೊಬ್ಬರನ್ನಾಗಿ ಕೇಳುತ್ತಾನೆ, ‘ನೀ ಏನಂದೀಯವ್ವ?’ ಎಂದು. ಅವರ ಬಾಯಿಂದ ಒಂದು ಮಾತು ಬರದೆ ಕೂಟ ಏಳುವುದಿಲ್ಲ. ನಾನು ನಲವತ್ತು ವರ್ಷ ಸಂಘ, ಧರಣಿ, ರಸ್ತೆ ತಡೆ ಎಂದು ಅಲೆದವನು. ಎಂಥೆಂಥ ಕಾರ್ಯಕಾರಿ ಸಮಿತಿಗಳಲ್ಲಿ ಕೂತಿದ್ದೇನೆ. ಇಷ್ಟು ಮರ್ಯಾದೆಯ ಸಭೆ ಎಲ್ಲೂ ಕಂಡಿಲ್ಲ.

ಪೂಜ ಈ ಕೂಟದಲ್ಲಿ ಬೆಳೆದವಳು. ಅರಣ್ಯ ಹಕ್ಕಿನ ಗ್ರಾಮಸಭೆಯಲ್ಲಿ ಅವಳು ಮಾತಾಡಿದ್ದನ್ನು ನಾನು ಕಣ್ಣಾರೆ ಕಂಡೆ. ಕಾಡಿನ ಅಧಿಕಾರಿಯೊಬ್ಬರು ಗಂಟಲು ಹರಿಯುವಂತೆ ಮಾತಾಡಿದರು, ಮರದ ಪಾಚಿ ಬಿಡಿಸಲು ಯಾಕೆ ಬಿಡುವುದಿಲ್ಲ, ಜೇನಿಗೆ ಯಾಕೆ ಬಿಡುವುದಿಲ್ಲ ಎಂದೆಲ್ಲ. ನಾವು ಹಳಬರು ನಡುವೆ ಕೂಗಲು ಎದ್ದೆವು. ಅವಳು ಕೈ ಅಡ್ಡ ಮಾಡಿ ಕೂರಿಸಿದಳು. ಅವರು ನಿಲ್ಲಿಸಿದ ಮೇಲೆ ‘ಮುಗೀತಾ ಸಾರ್?’ ಎಂದು ಕೇಳಿ, ಅವರ ಒಂದೊಂದು ಮಾತನ್ನೂ ಅವರದೇ ಕ್ರಮದಲ್ಲಿ ಎತ್ತಿಕೊಂಡು ಉತ್ತರ ಕೊಟ್ಟಳು. ಪೂರ್ತಿ ಕೇಳಿಸಿಕೊಂಡವಳಿಗೆ ಮಾತ್ರ ಹಾಗೆ ಉತ್ತರ ಕೊಡಲು ಬರುತ್ತದೆ.

ಕಂಪನಿ ಬರುವ ಸುದ್ದಿ ಬಂದಾಗ ತಾಳವಾಡಿಯಲ್ಲಿ ಒಂದು ಉಚಿತ ತರಬೇತಿ ಶುರುವಾಯಿತು. ಅಂಗಡಿ ಸಾಲಿನ ಮೇಲಿನ ಒಂದು ಕೋಣೆ, ಪ್ಲಾಸ್ಟಿಕ್ ಕುರ್ಚಿಗಳು, ಈರೋಡಿನಿಂದ ಬರುವ ಮುರುಗನ್ ಎಂಬ ಮೇಷ್ಟ್ರು. ಕೆಟ್ಟವನಲ್ಲ. ಕಂಪನಿಗಳು ಏನು ಕೇಳುತ್ತವೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದು ಸರಿಯೋ ತಪ್ಪೋ ಎಂದು ಅವನು ಯಾವತ್ತೂ ಯೋಚಿಸಿರಲಿಲ್ಲ.

ಅವನು ಮೊದಲ ದಿನವೇ ಹೇಳಿದ: ಮೊದಲು ಗ್ರೂಪ್ ಡಿಸ್ಕಶನ್. ಎಂಟು ಹತ್ತು ಜನರನ್ನು ಸುತ್ತ ಕೂರಿಸಿ ಒಂದು ವಿಷಯ ಕೊಡುತ್ತಾರೆ. ಯೋಚಿಸಲು ಸ್ವಲ್ಪ ಹೊತ್ತು, ಆಮೇಲೆ ಮಾತು. ಯಾರೂ ಸರದಿ ಹಂಚುವುದಿಲ್ಲ. ಮೂಲೆಯಲ್ಲಿ ಕೂತವರು ಬರೆದುಕೊಳ್ಳುತ್ತಿರುತ್ತಾರೆ. ಯಾರು ಶುರು ಮಾಡಿದರು, ವಿಷಯ ಎಷ್ಟಿತ್ತು, ಇಂಗ್ಲಿಷು ಹೇಗಿತ್ತು, ಬೇರೆಯವರೊಂದಿಗೆ ಹೇಗೆ ನಡೆದುಕೊಂಡರು, ಕೊನೆಗೆ ಯಾರು ಒಟ್ಟು ಮಾಡಿ ಹೇಳಿದರು. ಅದರಲ್ಲಿ ಗೆದ್ದವರಿಗೆ ಮಾತ್ರ ಇಂಟರ್‌ವ್ಯೂ.

‘ಬಾಯಿ ಬಿಡದವರು ಹೋದರು ಅಂತ ಅರ್ಥ,’ ಎಂದ ತಮಿಳು ಬೆರೆತ ಕನ್ನಡದಲ್ಲಿ. ‘ಯಾರೂ ನಿಮಗೆ ಜಾಗ ಬಿಡಲ್ಲ. ಒಳಗೆ ನುಗ್ಗಬೇಕು.’

ಪೂಜ ಕೇಳಿದಳು, ‘ಸಾರ್, ಮಾತು ಮುಗೀದೆ ಎಂಗ ನುಗ್ಗದು?’

‘ಉಸಿರು ಎಳೆಯಕ್ಕೆ ನಿಲ್ಲಿಸ್ತಾರಲ್ಲಮ್ಮ, ಅಲ್ಲೇ ನುಗ್ಗು. ಐ ವುಡ್ ಲೈಕ್ ಟು ಆಡ್ ಅಂತ ಹೇಳ್ಕೊಂಡು ನುಗ್ಗು. ಮರ್ಯಾದೆಯಾಗಿ ನುಗ್ಗಿದ ಹಾಗೆ ಇರ್ತದೆ.’

ಮರ್ಯಾದೆಯಾಗಿ ನುಗ್ಗುವುದು! ಈ ವಿದ್ಯೆಯನ್ನು ಅವಳು ಅಭ್ಯಾಸ ಮಾಡಿದ್ದು ಚೆಂಡುಹೂವಿನ ಹೊಲದಲ್ಲಿ. ತರಬೇತಿ ವಾರಕ್ಕೆ ಎರಡು ಮೂರು ದಿನ, ಉಳಿದ ದಿನ ಕೂಲಿ. ದೊಡ್ಡಿಯಲ್ಲಿ ಫೋನಿಗೆ ಸಿಗ್ನಲ್ ಇಲ್ಲ, ವಿಡಿಯೋ ನೋಡಿ ಕಲಿಯುವಂತಿಲ್ಲ. ಬುತ್ತಿ ಉಣ್ಣುವ ಹೊತ್ತಿಗೆ ಅವಳು ಹೆಂಗಸರನ್ನೇ ಸುತ್ತ ಕೂರಿಸಿದಳು. ನಾನು ಅವತ್ತು ಸಂಘದ ಕೆಲಸಕ್ಕೆಂದು ಆ ಕಡೆ ಹೋದವನು ಬದುವಿನ ಮೇಲೆ ಕೂತು ನೋಡಿದೆ.

‘ನಾ ಇಂಗ್ಲೀಸಲ್ಲಿ ಮಾತಾಡ್ತೀನಿ. ನೀವು ನಿಮ್ಗೆ ಬಂದಂಗ ಮಾತಾಡಿ. ಆದ್ರ ಯಾರೂ ಯಾರ್‍ನೂ ಮುಗ್ಸಕ ಬುಡ್ಬಾರ್ದು,’ ಎಂದಳು ಪೂಜ.

ತಾಳವಾಡಿಯ ಸರೋಜಾ ರೊಟ್ಟಿ ಮುರಿಯುತ್ತ, ‘ಇದ್ಯಾವ ಪರೀಕ್ಸ ಕಣವ್ವ? ನಮ್ಮನೇಲಿ ದಿನಾ ನಡೀತದ. ನನ್ ಅತ್ತೆ ಇದ್ರ ಪಸ್ಟ್ ಬತ್ತಿತ್ತು,’ ಎಂದಳು.

‘ನಿನ್ನತ್ತೆನ ಕೊಯಮತ್ತೂರ್‌ಗ ಕಳ್ಸು, ಮನೇಲಿ ನೀ ತಣ್ಣಗಿರ್‍ಬೋದು,’ ಎಂದಳು ಪಕ್ಕದ ಶಿವಮ್ಮ.

ನಗು ಮುಗಿದ ಮೇಲೆ ಪೂಜ ಶುರು ಮಾಡಿದಳು. ಪ್ಲಾಸ್ಟಿಕ್ ನಿಷೇಧ ವಿಷಯ. ಎರಡು ವಾಕ್ಯ ಆಗುವಷ್ಟರಲ್ಲಿ ಸರೋಜಾ ಕೋಸಿನ ಬೆಲೆ ಎತ್ತಿ ಗಂಟಲು ಬಿಟ್ಟಳು, ಶಿವಮ್ಮ ಆನೆ ತುಳಿದ ಮುಸುಕಿನ ಜೋಳದ ಬಗ್ಗೆ ಕೂಗಿದಳು. ಪೂಜಳ ಬಾಯಿ ತಟ್ಟನೆ ನಿಂತಿತು. ಅವರು ಮುಗಿಸುವುದನ್ನು ಕಾಯುತ್ತ ಕೂತಳು. ಅವರು ಮುಗಿಸಲಿಲ್ಲ, ಯಾಕೆಂದರೆ ಮುಗಿಸಬಾರದೆಂದು ಅವಳೇ ಹೇಳಿದ್ದಳು.

‘ಎಳ್ಕ ಬುಡವ್ವ ಮಾತ! ಯಾಕ ಬಾಯ್ ಮುಚ್ಕಂಡೆ?’ ಎಂದು ಸರೋಜಾ ಅವಳ ತೊಡೆಗೆ ಬಡಿದಳು.

‘ಆಗದಿಲ್ಲ ಕಣಕ್ಕ. ಬಾಯಿ ತಂತಾನೇ ನಿಂತೋಯ್ತದ.’

ಚಿಕ್ಕಲಕ್ಷ್ಮಮ್ಮ ಕೈ ತೊಳೆದುಕೊಂಡು ಹೇಳಿದಳು, ‘ನಾಕ್ ಜನ ಕುಂತ ಕಡ ಮಾತಾಡೋರ ಬಾಯ್ ಮುಚ್ಸದು ನಮ್ಮಲ್ಲಿ ಉಟ್ಟಿಲ್ಲ. ಅದ್ನ ಕಲ್ತ್ರೇನೇ ಕೆಲ್ಸ ಅಂದ್ರ, ಅದೆಂತ ಕೆಲ್ಸ ಕೊಡ್ತರ ಅವ್ರು? ಜಗಳ ಆಡ ಕೆಲ್ಸವ?’

‘ಅಲ್ಲ ಕಣವ್ವ, ಪೋನಲ್ಲಿ ಕೇಳುಸ್ಕೊಳ ಕೆಲ್ಸ.’

‘ಕೇಳುಸ್ಕೊಳ ಕೆಲ್ಸಕ್ಕ ಕೇಳುಸ್ಕೊಳ್ದೋರ ಉಡುಕ್ತರ?’

ನಾನು ನಕ್ಕೆ. ಪೂಜ ನಗಲಿಲ್ಲ. ‘ಇನ್ನೊಂದ್ ಸಲ,’ ಎಂದಳು. ಮತ್ತೆ ಮಾತು, ಮತ್ತೆ ಗದ್ದಲ. ಹೂ ಕೀಳುವ ದಿನಗಳಲ್ಲೆಲ್ಲ ಇದೇ ನಡೆಯಿತು. ಕೊನೆಕೊನೆಗೆ ಅವಳು ಒಂದು ಸಲ, ಎರಡು ಸಲ ನುಗ್ಗುವುದನ್ನು ಕಲಿತಳು. ನುಗ್ಗಿದಾಗಲೆಲ್ಲ ಶಿವಮ್ಮನ ಕೈ ಹಿಡಿದು, ‘ಬೇಜಾರ್ ಮಾಡ್ಕಬೇಡ ಅಕ್ಕ’ ಎನ್ನುತ್ತಿದ್ದಳು.

ಉಚ್ಚಾರದ ಕಾಟ ಬೇರೆ. ನಮ್ಮ ಕಡೆ ಹಳ್ಳಿ ಅಳ್ಳಿ, ಹೊಲ ಒಲ. ಹಾರ್ಡ್ ವರ್ಕ್ ಎನ್ನಲು ಹೋದರೆ ಆರ್ಡ್ ವರ್ಕ್ ಆಗುತ್ತಿತ್ತು. ಮುರುಗನ್ ಇದಕ್ಕೆ ಎಂಟಿಐ ಎಂದು ಹೆಸರು ಹೇಳಿದ. ಮಾತೃಭಾಷೆಯ ಪ್ರಭಾವವಂತೆ. ಕಂಪನಿಯವರ ಲೆಕ್ಕದಲ್ಲಿ ಅದೊಂದು ರೋಗ. ನಾನೇ ಒಂದು ದಿನ ಅವನನ್ನು ಬಸ್ ಸ್ಟ್ಯಾಂಡಿನಲ್ಲಿ ಹಿಡಿದುಕೊಂಡೆ. ‘ಕನ್ನಡದ ಕೆಲಸಕ್ಕೆ ಈ ಇಂಗ್ಲಿಷ್ ಕುಸ್ತಿ ಯಾಕಪ್ಪ?’

‘ಅಣ್ಣ, ದೂರನ್ನ ಕಂಪ್ಯೂಟರಿಗೆ ಇಂಗ್ಲಿಷಲ್ಲಿ ಹಾಕಬೇಕು. ಮೇಲಿನವರಿಗೆ ಮೈಲು ಇಂಗ್ಲಿಷಲ್ಲಿ ಬರೀಬೇಕು.’

‘ಹಾಗಾದರೆ ಬರೆಸಿ ನೋಡಲಿ. ಕೂಗಿಸಿ ಯಾಕೆ ನೋಡೋದು?’

‘ಎಲ್ಲಾ ಕಂಪನಿಯೂ ಹೀಗೇ ಅಣ್ಣ,’ ಎಂದು ಬಸ್ಸು ಹತ್ತಿದ. ನಾನು ಕಂಡ ಅನ್ಯಾಯಗಳಿಗೆಲ್ಲ ಕೊನೆಯ ಸಮರ್ಥನೆ ಈ ಒಂದು ಮಾತೇ ಆಗಿತ್ತು.

ಪರೀಕ್ಷೆಯ ದಿನ ಅವಳು ಸತ್ಯಮಂಗಲಕ್ಕೆ ಬೆಳಗಿನ ಬಸ್ಸಿಗೆ ಹೊರಟಳು. ದಿಂಬಂ ಘಾಟಿಯ ತಿರುವುಗಳನ್ನು ಇಳಿಯುವಾಗಲೂ ಬಾಯಲ್ಲಿ ಐ ವುಡ್ ಲೈಕ್ ಟು ಆಡ್ ಎಂದು ಹೇಳಿಕೊಳ್ಳುತ್ತಲೇ ಹೋದಳಂತೆ. ಮುಂದಿನದನ್ನು ಅವಳೇ ನನಗೆ ಹೇಳಿದ್ದು.

ಒಂದು ಕಾಲೇಜಿನ ಹಾಲು. ಮೊದಲು ಬರಹದ ಪರೀಕ್ಷೆ. ಅದರಲ್ಲಿ ಅವಳು ಸಲೀಸಾಗಿ ಪಾಸು. ಆಮೇಲೆ ಹತ್ತು ಜನರ ಗುಂಪು. ಪಕ್ಕದಲ್ಲಿ ಕೊಯಮತ್ತೂರಿನ ಒಬ್ಬ ಹುಡುಗ, ಇಸ್ತ್ರಿ ಅಂಗಿ, ಗರಿಗರಿ ಇಂಗ್ಲಿಷು. ಅವನು ಕಾಯುವಾಗ ತಮಿಳಿನಲ್ಲಿ ಅವಳನ್ನೇ ಕೇಳಿದ್ದ, ಮೋಟಾರು ಓಡುತ್ತಿಲ್ಲ ಎನ್ನುವುದಕ್ಕೆ ಕನ್ನಡದಲ್ಲಿ ಏನನ್ನುತ್ತಾರೆ ಎಂದು. ಅವನೂ ಕನ್ನಡ ಬರುತ್ತದೆಂದು ಹೇಳಿಕೊಂಡೇ ಬಂದವನು. ಅವಳು ಹೇಳಿಕೊಟ್ಟಳು. ಕೇಳಿದವರಿಗೆ ಹೇಳಿಕೊಡುವುದು ಅವಳ ಗುಣ.

ವಿಷಯ ಕೊಟ್ಟರು: ಅಭಿವೃದ್ಧಿಯೋ, ಪರಿಸರವೋ?

ಬೇರೆ ಯಾವ ವಿಷಯ ಕೊಟ್ಟಿದ್ದರೂ ಆಗುತ್ತಿತ್ತು. ಇದನ್ನೇ ಕೊಟ್ಟರು. ಇಸ್ತ್ರಿ ಅಂಗಿಯ ಹುಡುಗ ಶುರು ಮಾಡಿದ. ಮೂರನೆಯವನು ಹುಲಿ ಉಳಿಯಬೇಕಾದರೆ ಕಾಡಿನ ಜನರನ್ನು ಹೊರಗೆ ಸಾಗಿಸಬೇಕು ಎಂದ. ಇನ್ನೊಬ್ಬಳು ಹೌದೌದು, ಅವರಿಗೂ ಒಳ್ಳೆಯದೇ, ಶಿಕ್ಷಣ ಸಿಗುತ್ತದೆ ಎಂದಳು. ಕಾಡಿನ ಜನರಲ್ಲಿ ಒಬ್ಬಳು, ಬಿ.ಕಾಂ. ಮಾಡಿಕೊಂಡು, ಮೊಳ ದೂರದಲ್ಲಿ ಕೂತು ಇವರು ಮುಗಿಸಲಿ ಎಂದು ಕಾಯುತ್ತಿದ್ದಳು. ಯಾರೂ ಮುಗಿಸಲಿಲ್ಲ. ಒಬ್ಬರ ಮಾತಿನ ಬಾಲದ ಮೇಲೆ ಇನ್ನೊಬ್ಬರ ಮಾತು ಕಾಲಿಡುತ್ತಿತ್ತು.

ಕೊನೆಗೆ ಸಿಟ್ಟು ಬಂತಂತೆ. ಸಿಟ್ಟೇ ನುಗ್ಗಿಸಿತು. ಐ ವುಡ್ ಲೈಕ್ ಟು ಆಡ್ ಎಂದು ಜೋರಾಗಿ ಹೇಳಿ, ನಾನು ಆ ಕಾಡಿನವಳು, ಹುಲಿಯೂ ನಾವೂ ಇವತ್ತು ಹೊಸದಾಗಿ ಅಕ್ಕಪಕ್ಕ ಬಂದವರಲ್ಲ, ನಮ್ಮನ್ನು ಸಾಗಿಸುವ ಮೊದಲು ನಮ್ಮನ್ನು ಕೇಳಬೇಕೆಂದು ಕಾನೂನೇ ಹೇಳುತ್ತದೆ ಎಂದಳು. ಇಂಗ್ಲಿಷು ಅಲ್ಲಲ್ಲಿ ಎಡವಿತು, ಮಾತು ಎಡವಲಿಲ್ಲ. ಆಗ ಅವಳ ಕಣ್ಣಿಗೆ ಎದುರಿನ ಹುಡುಗಿ ಬಿದ್ದಳು. ಭವಾನಿಸಾಗರ ಕಡೆಯವಳು, ಶುರುವಿನಿಂದ ಒಂದು ಮಾತೂ ಆಡಿರಲಿಲ್ಲ, ಕರವಸ್ತ್ರ ಹಿಂಡುತ್ತಿದ್ದಳು. ಪೂಜಳ ಬಾಯಿಂದ ಬೊಮ್ಮಜ್ಜನ ಮಾತು ತಾನಾಗಿ ಬಂತು, ಇಂಗ್ಲಿಷಿನಲ್ಲಿ: ‘ಶಿ ಹ್ಯಾಸ್ ನಾಟ್ ಸ್ಪೋಕನ್. ವಾಟ್ ಡು ಯು ಸೇ, ಸಿಸ್ಟರ್?’

ಆ ಹುಡುಗಿ ಎರಡು ಮಾತು ಆಡಿದಳು. ಮೂಲೆಯಲ್ಲಿ ಕೂತಿದ್ದ ಹೆಂಗಸು ತಲೆಯೆತ್ತಿ ಏನೋ ಬರೆದುಕೊಂಡಳು. ಮುಂದಿನ ಸುತ್ತಿಗೆ ಆರಿಸಿದವರಲ್ಲಿ ಪೂಜಳ ಹೆಸರಿತ್ತು. ಅವಳನ್ನು ಅಲ್ಲಿ ದಾಟಿಸಿದ್ದು ಮುರುಗನ್ ಕಲಿಸಿದ್ದಷ್ಟೇ ಅಲ್ಲ, ದೇವರ ಮರದ ಕೆಳಗೆ ಕಲಿತದ್ದೂ ಹೌದು.

ಇಂಟರ್‌ವ್ಯೂನಲ್ಲಿ ಮೂವರು, ಅವರಲ್ಲಿ ಒಬ್ಬಳು ಆ ಮೂಲೆಯ ಹೆಂಗಸೇ. ನಿಮ್ಮ ಬಗ್ಗೆ ಹೇಳಿ ಎಂದರು. ಹೂವಿನ ಹೊಲದಲ್ಲಿ ಸಾವಿರ ಸಲ ಹೇಳಿದ್ದನ್ನು ತಪ್ಪಿಲ್ಲದೆ ಹೇಳಿದಳು. ಕೊಯಮತ್ತೂರಿಗೆ ಬಂದು ಇರುತ್ತೀರಾ ಎಂದರು, ಇರುತ್ತೇನೆ ಎಂದಳು. ಆಮೇಲೆ ನಡುವೆ ಕೂತಿದ್ದ ಹಿರಿಯರು ಕನ್ನಡಕ ತೆಗೆದು ಒರೆಸುತ್ತ ಇಂಗ್ಲಿಷಿನಲ್ಲಿ ಹೇಳಿದರು: ‘ನೀವು ಕಾಡಿನ ಪ್ರದೇಶದಿಂದ ಬಂದಿದ್ದೀರಿ. ನಮ್ಮ ಗ್ರಾಹಕರು ಕೆಲವೊಮ್ಮೆ ತುಂಬ ಕೋಪದಲ್ಲಿರುತ್ತಾರೆ, ಕೂಗಾಡುತ್ತಾರೆ. ಅಂಥ ಹೊತ್ತಿನಲ್ಲಿ…’

ಅಲ್ಲಿಗೆ ನಿಲ್ಲಿಸಿ ಅವಳ ಮುಖ ನೋಡಿದರು.

ಹಿರಿಯರು ಮಾತು ನಿಲ್ಲಿಸಿದ್ದಾರೆ, ಮುಗಿಸಿಲ್ಲ. ಕನ್ನಡಕ ಇನ್ನೂ ಕೈಯಲ್ಲಿದೆ. ಬೊಮ್ಮಜ್ಜ ಎಲೆ ಅಡಿಕೆ ಹಾಕಿಕೊಳ್ಳುವಾಗ ಕಾಯುವ ಹಾಗೆ ಅವಳು ಕಾದಳು. ಅವರೂ ಕಾದರು. ಫ್ಯಾನು ತಿರುಗುತ್ತಿತ್ತು. ಅವರು ಕನ್ನಡಕ ಹಾಕಿಕೊಂಡು ಕಾಗದದ ಮೇಲೆ ಏನೋ ಗೀಚಿದರು. ಆಗ ಅವಳಿಗೆ ಹೊಳೆಯಿತು, ಅದೇ ಪ್ರಶ್ನೆಯಾಗಿತ್ತು ಎಂದು. ‘ಸಾರ್, ಐ ವಿಲ್ ಲಿಸನ್…’ ಎಂದು ಶುರು ಮಾಡುವಷ್ಟರಲ್ಲಿ ‘ಓಕೆ, ಓಕೆ’ ಎಂದು ಮುಂದಕ್ಕೆ ಹೋದರು.

ಒಬ್ಬಳು ಹುಡುಗಿ ಪೂರ್ತಿ ಕೇಳಿಸಿಕೊಂಡು ಉತ್ತರ ಕೊಡಲು ಕಾದದ್ದನ್ನು ಅವಳಿಗೆ ಉತ್ತರ ಗೊತ್ತಿಲ್ಲ ಎಂದು ಬರೆದುಕೊಂಡರು. ಕೋಪದ ಗ್ರಾಹಕನ ಮಾತನ್ನು ಹೇಗೆ ಕೇಳಿಸಿಕೊಳ್ಳುತ್ತೀ ಎಂದು ಕೇಳಿದವರ ಎದುರಿಗೇ ಅವಳು ಕೇಳಿಸಿಕೊಂಡು ತೋರಿಸಿದ್ದಳು. ಅವರಿಗೆ ಕಾಣಲಿಲ್ಲ.

ಕೊನೆಗೆ ನೀವೇನಾದರೂ ಕೇಳುವುದಿದೆಯೇ ಎಂದರು. ಕೇಳಲು ಒಂದು ಒಳ್ಳೆಯ ಪ್ರಶ್ನೆ ಇಟ್ಟುಕೊಂಡಿರಬೇಕೆಂದು ಮುರುಗನ್ ಹೇಳಿಕೊಟ್ಟಿದ್ದ. ಅವಳು ಅವನು ಹೇಳಿಕೊಟ್ಟದ್ದನ್ನು ಬಿಟ್ಟು ಕೇಳಿದಳು: ‘ಸಾರ್, ನಿಮ್ಮ ಗ್ರಾಹಕರು ಕನ್ನಡದಲ್ಲಿ ಮಾತಾಡುತ್ತಾರೆ. ನನ್ನ ಕನ್ನಡವನ್ನು ನೀವು ಒಂದು ಸಲ ಕೇಳುತ್ತೀರಾ?’

ಹೆಂಗಸು ನಕ್ಕು ಹೇಳಿದಳು, ನಮಗೆ ಯಾರಿಗೂ ಕನ್ನಡ ಬರುವುದಿಲ್ಲ, ಅದನ್ನು ಸೇರಿದ ಮೇಲೆ ಟ್ರೈನಿಂಗಿನಲ್ಲಿ ನೋಡುತ್ತಾರೆ ಎಂದು.

ಮುಂದೆ ಹೇಳುತ್ತೇನೆ ಎಂದಿದ್ದೆನಲ್ಲ, ಇದೇ ಅದು. ಕನ್ನಡದ ಕೆಲಸಕ್ಕೆ ಆಳು ಆರಿಸಲು ಬಂದ ಮೂವರಲ್ಲಿ ಕನ್ನಡ ಬಲ್ಲವರು ಒಬ್ಬರೂ ಇರಲಿಲ್ಲ. ತಕ್ಕಡಿ ಹಿಡಿದವನಿಗೆ ತೂಗುವ ಸರಕೇ ಗೊತ್ತಿಲ್ಲ. ತನಗೆ ಗೊತ್ತಿರುವ ಒಂದೇ ಕಲ್ಲನ್ನು ಹಾಕಿ ತೂಗುತ್ತಾನೆ, ಆಮೇಲೆ ತೂಕ ಕಡಿಮೆ ಎನ್ನುತ್ತಾನೆ.

ಸಂಜೆಗೆ ಹೆಸರುಗಳನ್ನು ಓದಿದರು. ಅಂಗಿಯ ಹುಡುಗ ಆಯ್ಕೆ. ಅವನಿಗೆ ಗೊತ್ತಿದ್ದ ಕನ್ನಡ ಪೂಜ ಹೇಳಿಕೊಟ್ಟ ಆ ಒಂದು ವಾಕ್ಯ. ಪೂಜಳ ಹೆಸರಿರಲಿಲ್ಲ. ಮುರುಗನ್ ವಿಚಾರಿಸಿದ್ದಕ್ಕೆ, ಮಾತೃಭಾಷೆಯ ಪ್ರಭಾವ ಹೆಚ್ಚು, ಉತ್ತರಿಸಲು ತಡವರಿಸುತ್ತಾಳೆ, ಮೂರು ತಿಂಗಳ ನಂತರ ಮತ್ತೆ ಪ್ರಯತ್ನಿಸಬಹುದು ಎಂದರಂತೆ.

ಮರುದಿನ ಕೂಟ ಸೇರಿತು. ನನ್ನನ್ನೂ ಕರೆದಿದ್ದರು. ಪೂಜ ನಡೆದದ್ದನ್ನೆಲ್ಲ ಹೇಳಿ ‘ಅಷ್ಟೇ’ ಎಂದು ಕೂತಳು. ಆಮೇಲೆ ನಾನು ಎದ್ದೆ. ಕಲೆಕ್ಟರಿಗೆ ಮನು, ಅಂದರೆ ಮನವಿ ಪತ್ರ, ಕೊಡೋಣ, ನೂರು ಜನ ಹೋಗಿ ಕೂರೋಣ, ಕಾಡಿನ ಬಡ ಹುಡುಗಿಗೆ ದಯವಿಟ್ಟು ಕೆಲಸ ಕೊಡಿಸಿ ಎಂದು ಕೇಳೋಣ ಎಂದೆ. ನಾನು ಕೂತ ಮೇಲೆ ಬೊಮ್ಮಜ್ಜ ನಿಧಾನಕ್ಕೆ ಶುರು ಮಾಡಿದ. ‘ಎಣ್ ಮಗ ಅಷ್ಟ್ ದೂರ ಓಗಿ ಬಂದದ. ಪಾಪ, ಅದ್ಕ ಇಂಗ್ಲೀಸು ಬರದಿದ್ರ ಏನ್ ಮಾಡದು. ನಾವು ಕೈ ಮುಗ್ಕಂಡು…’ ಎಂದು ಎಲೆ ಅಡಿಕೆಯ ಸಂಚಿಗೆ ಕೈ ಹಾಕಿದ.

‘ಅಜ್ಜೋ, ನಿಲ್ಸು!’

ಪೂಜ ಎದ್ದು ನಿಂತಿದ್ದಳು. ಅಜ್ಜನ ಕೈ ಸಂಚಿಯಲ್ಲೇ ಉಳಿಯಿತು. ಚಿಕ್ಕಲಕ್ಷ್ಮಮ್ಮ ಮಗಳ ಸೀರೆ ಸೆರಗು ಹಿಡಿದೆಳೆದಳು. ಆ ಮರದ ಕೆಳಗೆ ಯಜಮಾನನ ಮಾತನ್ನು ನಡುವೆ ತುಂಡು ಮಾಡಿದವರನ್ನು ನಾನಂತೂ ಕಂಡಿರಲಿಲ್ಲ.

‘ಬರದಿಲ್ಲ ಅಂತ ಯಾರಂದ್ರು? ನಂಗ ಬತ್ತದ. ಗುಂಪಲ್ಲಿ ಗೆದ್ದಿವ್ನಿ. ಪಾಪ ಅನ್ಬೇಡಿ. ಕೈ ಮುಗೀಬೇಡಿ. ಮಾವ, ನೀನೂವೆ,’ ಎಂದು ನನ್ನ ಕಡೆ ತಿರುಗಿದಳು. ‘ಬಡವಿ ಅಂತ ಕೆಲ್ಸ ಕೇಳ್ಬೇಡ. ಮನು ಕೊಡದಾದ್ರ ಇಷ್ಟೇ ಕೇಳು. ಕನ್ನಡದ ಕೆಲ್ಸಕ್ಕ ಕನ್ನಡ ಬರೋರ್ ಒಬ್ರು ಕುಂತ್ಕಂಡು ಕೇಳ್ಬೇಕು. ನಮ್ ಕನ್ನಡವ. ಮೂರ್ ತಿಂಗ್ಳಿಗ ನಾ ತಿರ್‍ಗ ಓಯ್ತೀನಿ. ಓದ್ ಮುಗುಸ್ಕಂಡು ಸಿದ್ದಿ ಮಗ್ಳೂ ಒಂದಿನ ಬತ್ತಳ. ಅವ್ಳ ಓದು ನಿಲ್ಸಕ ಯಾರೂ ಬಾಯಿ ತೆಗೀಬೇಡಿ.’

ಹಿಂದೆ ಕೂತಿದ್ದ ಸಿದ್ದಿ, ಅಂದರೆ ಮುಂದಿನ ವರ್ಷ ಕಾಲೇಜಿಗೆ ಹೋಗಬೇಕಾದ ಹುಡುಗಿಯ ಅವ್ವ, ತಲೆ ತಗ್ಗಿಸಿದಳು.

ನನಗೆ ಹೆಮ್ಮೆ ಆಯಿತೆಂದರೆ ಸುಳ್ಳಾಗುತ್ತದೆ. ಕೇಳಿಸಿಕೊಳ್ಳುವುದನ್ನು ಬಲ್ಲ ಒಬ್ಬ ಹುಡುಗಿಯಿಂದ ಅದನ್ನು ಕಿತ್ತುಕೊಂಡು ಕಳಿಸಿದ್ದರು. ಹೊಲದಲ್ಲಿ ಶಿವಮ್ಮನ ಕೈ ಹಿಡಿದು ಬೇಜಾರ್ ಮಾಡ್ಕಬೇಡ ಎನ್ನುತ್ತಿದ್ದವಳು ಅಜ್ಜನಿಗೆ ಆ ಮಾತೂ ಹೇಳಲಿಲ್ಲ. ಆದರೆ ಅವಳು ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಮನುವನ್ನು ಅವಳು ಹೇಳಿದ ಹಾಗೆಯೇ ಬರೆದು ಕೊಟ್ಟೆವು. ಉತ್ತರ ಇನ್ನೂ ಬಂದಿಲ್ಲ. ಅವಳು ಹೂ ಕೀಳುತ್ತಲೇ ಇದ್ದಾಳೆ. ಬುತ್ತಿ ಹೊತ್ತಿನ ಗದ್ದಲಕ್ಕೆ ಈಗ ಸಿದ್ದಿಯ ಮಗಳೂ ಬಂದು ಕೂರುತ್ತಾಳೆ.

ಅವತ್ತು ಕೂಟದಲ್ಲಿ ಮಾತು ನಿಲ್ಲಿಸಿ ಪೂಜ ಕೂತಳು. ಬೊಮ್ಮಜ್ಜ ಎಲೆ ಹಿಡಿದುಕೊಂಡು ಕಾದ. ಕೂಟವೆಲ್ಲ ಕಾಯಿತು. ಅವಳು ‘ಅಷ್ಟೇ’ ಎನ್ನಲಿಲ್ಲ.

‘ಮುಗೀತಾ ಮಗಾ?’ ಎಂದ ಅಜ್ಜ, ಕೊನೆಗೆ.

‘ಇಲ್ಲ ಅಜ್ಜ,’ ಎಂದಳು. ‘ಇನ್ನೂ ಅದ.’